ಬೇಸಿಗೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ತಡವರಿಸುತ್ತಿದೆಯೇ? ಮೊದಲು ಫ್ರೇಮ್‌ಗೆ ಮಿತಿ ಹಾಕಿ, ಗ್ರಾಫಿಕ್ಸ್ ಆಮೇಲೆ ನೋಡೋಣ

ಲಕ್ಷಣ ಹೀಗಿರುತ್ತದೆ. ಗೇಮ್ ಶುರುವಾದ ಮೊದಲ ಹತ್ತು ನಿಮಿಷ ಬೆಣ್ಣೆಯಂತೆ ಓಡುತ್ತದೆ. ಆಮೇಲೆ ಫ್ಯಾನ್ ಕಿರುಚಲು ಶುರು ಮಾಡುತ್ತದೆ, ಕೀಬೋರ್ಡಿನ ಮೇಲ್ಭಾಗ ಬೆರಳಿಗೆ ಚುರುಕು ಮುಟ್ಟಿಸುತ್ತದೆ. ನೂರರ ಮೇಲಿದ್ದ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ, ಇದ್ದಕ್ಕಿದ್ದಂತೆ ಅರವತ್ತಕ್ಕೆ ಬಿದ್ದು, ಎಂಬತ್ತಕ್ಕೆ ಏರಿ, ಮತ್ತೆ ಬೀಳುತ್ತದೆ. ಗೇಮ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಬಂದರೆ ಮತ್ತೆ ಹತ್ತು ನಿಮಿಷ ಎಲ್ಲ ಸರಿ. ಚಳಿಗಾಲದಲ್ಲಿ ಇದೇ ಗೇಮ್, ಇದೇ ಸೆಟ್ಟಿಂಗ್, ಯಾವ ತಕರಾರೂ ಇರಲಿಲ್ಲ.

ಆಗ ಎಲ್ಲರೂ ಮಾಡುವ ಮೊದಲ ಕೆಲಸ ಗ್ರಾಫಿಕ್ಸ್ ಸೆಟ್ಟಿಂಗ್ ಅನ್ನು ಹೈನಿಂದ ಲೋಗೆ ಇಳಿಸುವುದು. ಬಹಳ ಸಲ ಅದರಿಂದ ಏನೂ ಆಗುವುದಿಲ್ಲ, ಕೆಲವು ಸಲ ಬಿಸಿ ಇನ್ನೂ ಜಾಸ್ತಿಯಾಗುತ್ತದೆ. ಯಾಕೆ ಅನ್ನುವುದು ಗೊತ್ತಾದರೆ ಅರ್ಧ ರಿಪೇರಿ ಆದಂತೆ.

ಗ್ರಾಫಿಕ್ಸ್ ಇಳಿಸಿದರೂ ಯಾಕೆ ತಣ್ಣಗಾಗುವುದಿಲ್ಲ

ಮಿತಿ ಹಾಕದೆ ಬಿಟ್ಟ ಗೇಮ್ ತನ್ನ ಕೈಲಾದಷ್ಟು ಫ್ರೇಮ್ ತಯಾರಿಸುತ್ತಲೇ ಇರುತ್ತದೆ. ನೀವು ನೆರಳಿನ ಗುಣಮಟ್ಟ ಇಳಿಸಿದಿರಿ ಅನ್ನೋಣ. ಪ್ರತಿ ಫ್ರೇಮಿನ ಕೆಲಸ ಕಡಿಮೆಯಾಯಿತು. ಆದರೆ ಜಿಪಿಯು ಉಳಿದ ಸಮಯದಲ್ಲಿ ಸುಮ್ಮನೆ ಕೂರುವುದಿಲ್ಲ, ಇನ್ನಷ್ಟು ಫ್ರೇಮ್ ಬಿಡಿಸುತ್ತದೆ. ಒಂದು ಸೆಕೆಂಡಿನಲ್ಲಿ ಅದು ಮಾಡುವ ಒಟ್ಟು ಕೆಲಸ ಮೊದಲಿನಷ್ಟೇ ಉಳಿಯಿತು. ಅಷ್ಟೇ ಅಲ್ಲ, ಪ್ರತಿ ಫ್ರೇಮಿಗೂ ಸಿಪಿಯು ಕಡೆಯಿಂದ ಒಂದಿಷ್ಟು ತಯಾರಿ ಬೇಕು: ಯಾರು ಎಲ್ಲಿದ್ದಾರೆ, ಯಾವ ವಸ್ತು ಕಾಣುತ್ತದೆ, ಏನನ್ನು ಬಿಡಿಸಬೇಕು ಅಂತ. ಫ್ರೇಮ್ ಹೆಚ್ಚಾದರೆ ಈ ಕೆಲಸವೂ ಹೆಚ್ಚು. ಹಾಗಾಗಿ ಗ್ರಾಫಿಕ್ಸ್ ಇಳಿಸಿದ್ದರಿಂದ ಸಿಪಿಯು ಮೊದಲಿಗಿಂತ ಬಿಸಿಯಾಗಬಹುದು.

ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯು ಮತ್ತು ಜಿಪಿಯು ಎರಡೂ ಒಂದೇ ತಾಮ್ರದ ಹೀಟ್‌ಪೈಪ್‌ಗಳನ್ನು ಹಂಚಿಕೊಂಡಿರುತ್ತವೆ. ಎರಡು ನಲ್ಲಿಗಳ ನೀರು ಬೀಳುವ ತೊಟ್ಟಿಗೆ ಒಂದೇ ಕಿಂಡಿ ಇದ್ದ ಹಾಗೆ. ಒಂದು ನಲ್ಲಿಯನ್ನು ಸಣ್ಣ ಮಾಡಿ ಇನ್ನೊಂದನ್ನು ದೊಡ್ಡದು ಮಾಡಿದರೆ ತೊಟ್ಟಿ ತುಂಬುವುದೇನೂ ನಿಲ್ಲುವುದಿಲ್ಲ ಅಲ್ವಾ?

ಇನ್ನು ಹವೆಯ ಪಾತ್ರ. ಫ್ಯಾನ್ ಒಳಗೆ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ. ಕೋಣೆ 22 ಡಿಗ್ರಿಯಿಂದ 36ಕ್ಕೆ ಏರಿದರೆ, ಅಷ್ಟೇ ವಿದ್ಯುತ್ ಬಳಸುವ, ಅಷ್ಟೇ ಫ್ಯಾನ್ ವೇಗದ ಚಿಪ್ಪಿನ ಉಷ್ಣತೆಯೂ ಹೆಚ್ಚು ಕಡಿಮೆ 14 ಡಿಗ್ರಿ ಏರುತ್ತದೆ. ಚಳಿಗಾಲದಲ್ಲಿ 84ರಲ್ಲಿ ಆರಾಮಾಗಿದ್ದ ಸಿಪಿಯು ಈಗ 98ಕ್ಕೆ ಬಂದಿದೆ. ಇಂಟೆಲ್‌ನ ಬಹಳಷ್ಟು ಲ್ಯಾಪ್‌ಟಾಪ್ ಚಿಪ್‌ಗಳ ಮಿತಿ 100 ಡಿಗ್ರಿ. ಅಲ್ಲಿಗೆ ತಲುಪಿದರೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೇ ಥ್ರಾಟಲಿಂಗ್. ಎನ್‌ವಿಡಿಯಾದ ಲ್ಯಾಪ್‌ಟಾಪ್ ಜಿಪಿಯುಗಳಲ್ಲಿ ಈ ಗಡಿ ಸಾಮಾನ್ಯವಾಗಿ 87ರ ಆಸುಪಾಸು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಏನೋ ಕೆಟ್ಟಿದೆ ಅಂತಲೇ ಅಲ್ಲ, ಮೊದಲಿದ್ದ ಅಂತರವನ್ನು ಹವೆ ನುಂಗಿರಬಹುದು.

ಬಿಸಿ ಆಗಿರುವುದು ಯಾವ ಚಿಪ್?

ಇದನ್ನು ಊಹೆ ಮಾಡಬೇಡಿ, ನೋಡಿ. ಚಿಪ್‌ಗಳ ಉಷ್ಣತೆ, ವೇಗ ತೋರಿಸುವ HWiNFO64 ಉಚಿತವಾಗಿ ಸಿಗುತ್ತದೆ. ಅದನ್ನು ಸೆನ್ಸರ್ ಮಾತ್ರ ತೋರಿಸುವ ರೀತಿಯಲ್ಲಿ ತೆರೆದು, ಗೇಮ್ ಶುರು ಮಾಡಿ. ಗೇಮಿನಲ್ಲಿ ಪ್ರತಿ ಸಲವೂ ಆಡಬಹುದಾದ ಒಂದು ಜಾಗ ಆರಿಸಿಕೊಳ್ಳಿ, ಅದೇ ರಸ್ತೆ, ಅದೇ ಮಿಷನ್. ಇಪ್ಪತ್ತು ನಿಮಿಷ ಆಡಿ. ಮೊದಲ ಐದು ನಿಮಿಷದ ಅಂಕಿ ನಂಬಬೇಡಿ, ಲೋಹ ಇನ್ನೂ ಕಾಯುತ್ತಿರುತ್ತದೆ. ಹೊಸ ಗೇಮ್ ಮೊದಲ ಸಲ ತೆರೆದಾಗ ಶೇಡರ್ ಕಂಪೈಲ್ ಆಗುವ ಹೊತ್ತನ್ನೂ ಲೆಕ್ಕಕ್ಕೆ ತಗೋಬೇಡಿ. ಆಗ ಸಿಪಿಯುವಿನ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವುದರಿಂದ ಉಷ್ಣತೆ ಏರುವುದು ಸಹಜ.

ಇಪ್ಪತ್ತು ನಿಮಿಷ ಆದಮೇಲೆ ಸಿಪಿಯು ಭಾಗದಲ್ಲಿ `Thermal Throttling` ಅನ್ನುವ ಹೆಸರಿರುವ ಸಾಲುಗಳನ್ನು ನೋಡಿ. `Yes` ಅಂತ ಬಂದಿದ್ದರೆ ಸಿಪಿಯು ಮಿತಿ ಮುಟ್ಟಿದೆ. ಜಿಪಿಯು ಭಾಗದಲ್ಲಿ `Performance Limit - Thermal` ಅನ್ನುವ ಸಾಲು ಅದೇ ಮಾತನ್ನು ಜಿಪಿಯುವಿಗೆ ಹೇಳುತ್ತದೆ. ಒಂದು ಕ್ಷಣ ಮಾತ್ರ `Yes` ಬಂದು ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಎಫ್‌ಪಿಎಸ್ ಬೀಳುವ ಹೊತ್ತಿಗೇ ಅದು ಪದೇ ಪದೇ ಬರುತ್ತಿದೆಯೇ ಅನ್ನುವುದು ಮುಖ್ಯ.

ಎನ್‌ವಿಡಿಯಾ ಜಿಪಿಯು ಇದ್ದರೆ, ಗೇಮ್ ಹಿಂದೆ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಓಡಿಸಿಟ್ಟರೂ ಸಾಕು. ಐದು ಸೆಕೆಂಡಿಗೊಮ್ಮೆ ಒಂದು ಸಾಲು ಬರೆಯುತ್ತದೆ:

```
nvidia-smi --query-gpu=temperature.gpu,clocks.gr,utilization.gpu --format=csv -l 5
```

ಓದುವುದು ಹೀಗೆ. ಎಫ್‌ಪಿಎಸ್ ಬಿದ್ದ ಹೊತ್ತಿನಲ್ಲಿ ಜಿಪಿಯು ಬಳಕೆ 95ರ ಮೇಲಿದ್ದು, ಅದರ ಕ್ಲಾಕ್ ಇಳಿಯುತ್ತಿದ್ದರೆ ಎಡವುತ್ತಿರುವುದು ಜಿಪಿಯು. ಬದಲಿಗೆ ಜಿಪಿಯು ಬಳಕೆಯೇ 60, 65ಕ್ಕೆ ಬಿದ್ದಿದ್ದರೆ ಜಿಪಿಯು ಕೆಲಸವಿಲ್ಲದೆ ಕಾಯುತ್ತಿದೆ ಅಂತ ಅರ್ಥ. ಅಂದರೆ ಸಿಪಿಯು ಸಾಕಷ್ಟು ಬೇಗ ಫ್ರೇಮ್ ಒದಗಿಸುತ್ತಿಲ್ಲ, ಅಲ್ಲೇ ಹುಡುಕಬೇಕು.

ಬಿಸಿಗೆ ಸಂಬಂಧವೇ ಇಲ್ಲದ ಒಂದು ತೊಂದರೆಯೂ ಇದೇ ವೇಷದಲ್ಲಿ ಬರುತ್ತದೆ. ಚಾರ್ಜರ್ ಹಾಕಿದ್ದರೂ ಆಡುವಾಗ ಬ್ಯಾಟರಿ ಶೇಕಡಾ ಇಳಿಯುತ್ತಿದೆಯಾ? ಹಾಗಿದ್ದರೆ ಚಾರ್ಜರ್ ಸಾಲುತ್ತಿಲ್ಲ, ಇಲ್ಲವೇ ಬೇರೆ ಕಡಿಮೆ ವ್ಯಾಟಿನ ಚಾರ್ಜರ್ ಹಾಕಿದ್ದೀರಿ. ಉಷ್ಣತೆ 70ರಲ್ಲೇ ಇದ್ದೂ ಸಿಪಿಯು ವೇಗ ಒಂದೇ ಏಟಿಗೆ ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೆ ಬಿದ್ದು ಅಲ್ಲೇ ನಿಂತರೂ ಮೊದಲ ಅನುಮಾನ ಚಾರ್ಜರಿನ ಮೇಲೆ. ಗೇಮ್ ಸೆಟ್ಟಿಂಗ್‌ನಿಂದ ಇದು ಸರಿಹೋಗುವುದಿಲ್ಲ.

ಒಂದು ಉದಾಹರಣೆ: ಜಿಟಿಎ 5

ಆರು ಕೋರಿನ ಸಿಪಿಯು, 6 ಜಿಬಿ ಮೆಮೊರಿಯ ಜಿಪಿಯು, 1080ಪಿ ಮತ್ತು 144 ಹರ್ಟ್ಸ್ ಪರದೆ. ನನ್ನ ಲ್ಯಾಪ್‌ಟಾಪ್ ಅದು. ಕೋಣೆ 35 ಡಿಗ್ರಿ. ಹೆದ್ದಾರಿಯಿಂದ ನಗರದ ಒಳಕ್ಕೆ ಕಾರು ಓಡಿಸುವುದು ನನ್ನ ಪರೀಕ್ಷೆ.

ಶುರುವಿನಲ್ಲಿ 105ರಿಂದ 110 ಎಫ್‌ಪಿಎಸ್. ಸಿಪಿಯು 3.9 ಗಿಗಾಹರ್ಟ್ಸ್‌ನಲ್ಲಿದೆ. ಹತ್ತು ಹನ್ನೆರಡು ನಿಮಿಷದ ಹೊತ್ತಿಗೆ ಸಿಪಿಯು 97 ಡಿಗ್ರಿ ಮುಟ್ಟಿ, ವೇಗ 2.7ಕ್ಕೆ ಜಾರುತ್ತದೆ, ತಣ್ಣಗಾದ ಕೂಡಲೇ ಮೇಲೇರುತ್ತದೆ, ಮತ್ತೆ ಜಾರುತ್ತದೆ. ಎಫ್‌ಪಿಎಸ್ 60 ಮತ್ತು 85ರ ನಡುವೆ ಉಯ್ಯಾಲೆ ಆಡುತ್ತದೆ. ಈ ಏರಿಳಿತವೇ ಕಣ್ಣಿಗೆ ಹಿಂಸೆ. ಒಂದೇ ಸಮನೆ 60 ಇದ್ದಿದ್ದರೆ ಯಾರೂ ದೂರುತ್ತಿರಲಿಲ್ಲ. ಜಿಪಿಯು ಮಾತ್ರ 78 ಡಿಗ್ರಿಯಲ್ಲಿ, ಶೇಕಡಾ 65 ಬಳಕೆಯಲ್ಲಿ ಕೂತಿದೆ. ರೋಗ ಸಿಪಿಯುವಿನದು ಅಂತ ಇಲ್ಲೇ ಗೊತ್ತಾಯಿತು.

ಈಗ ಹುಲ್ಲು, ನೆರಳು, ಎಂಎಸ್‌ಎಎ ಎಲ್ಲ ಇಳಿಸಿದರೆ? ಶುರುವಿನಲ್ಲಿ 120 ಎಫ್‌ಪಿಎಸ್. ಜಿಪಿಯು 70ಕ್ಕೆ ಇಳಿಯಿತು. ಸಿಪಿಯು ಮಾತ್ರ ಮತ್ತೆ 97, ಮತ್ತೆ ಅದೇ ಉಯ್ಯಾಲೆ. ಹುಲ್ಲು ಬೋಳಾದದ್ದಷ್ಟೇ ಲಾಭ.

ಹಾಗಾಗಿ ಆ ಸೆಟ್ಟಿಂಗ್‌ಗಳನ್ನೆಲ್ಲ ವಾಪಸ್ ಮೇಲಕ್ಕೆ ಏರಿಸಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ `Manage 3D settings` ಒಳಗೆ `Max Frame Rate` ಅನ್ನು 72 ಮಾಡಿದೆ. ಜೊತೆಗೆ ಗೇಮಿನೊಳಗೆ `Population Density` ಅರ್ಧಕ್ಕೆ. ಆ ಸೆಟ್ಟಿಂಗ್ ರಸ್ತೆಯಲ್ಲಿ ಓಡಾಡುವ ಜನ ಮತ್ತು ವಾಹನಗಳನ್ನು ಕಡಿಮೆ ಮಾಡುತ್ತದೆ, ಅದು ಹೆಚ್ಚಾಗಿ ಸಿಪಿಯುವಿನ ಹೊರೆ. ಇಪ್ಪತ್ತು ನಿಮಿಷ ಆದಮೇಲೂ ಸಿಪಿಯು 87ರಲ್ಲಿ ನಿಂತಿತು, ಎಫ್‌ಪಿಎಸ್ 72ರಿಂದ ಅಲುಗಲಿಲ್ಲ. ಹುಲ್ಲೂ ಇದೆ, ನೆರಳೂ ಇದೆ.

72 ಯಾಕೆ ಅಂದರೆ 144ರ ಸರಿ ಅರ್ಧ ಅದು. ಪರದೆ ಎರಡು ಸಲ ಬದಲಾಗುವಷ್ಟರಲ್ಲಿ ಸರಿಯಾಗಿ ಒಂದು ಹೊಸ ಫ್ರೇಮ್ ಸಿಗುತ್ತದೆ. 144 ಹರ್ಟ್ಸ್ ಪರದೆಯಲ್ಲಿ, ಪರದೆಯ ವೇಗವನ್ನು ಗೇಮಿಗೆ ಹೊಂದಿಸುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಇಲ್ಲದೆ 60ಕ್ಕೆ ಮಿತಿ ಹಾಕಿದರೆ ಕೆಲವು ಫ್ರೇಮ್ ಎರಡು ಸಲ, ಕೆಲವು ಮೂರು ಸಲ ಕಾಣುತ್ತವೆ. ಎಫ್‌ಪಿಎಸ್ ಅಂಕಿ ಸ್ಥಿರವಾಗಿದ್ದರೂ ಓಟ ತೊದಲಿದಂತೆ ಅನಿಸುತ್ತದೆ. ಹಾಗಾಗಿ ಪರದೆಯ ವೇಗವನ್ನು ಭಾಗಿಸಿ ಬರುವ ಅಂಕಿ ಆರಿಸಿ: 144ಕ್ಕೆ 72 ಅಥವಾ 48. ನಿಮ್ಮ ಪರದೆಯಲ್ಲಿ 120 ಹರ್ಟ್ಸ್ ಆಯ್ಕೆ ಇದ್ದರೆ 60 ಅಥವಾ 40. ಈ 40 ಅನ್ನುವುದನ್ನು ಕಡೆಗಣಿಸಬೇಡಿ. 30ರಲ್ಲಿ ಒಂದು ಫ್ರೇಮಿಗೆ 33 ಮಿಲಿಸೆಕೆಂಡ್, 60ರಲ್ಲಿ ಸುಮಾರು 17, 40ರಲ್ಲಿ 25. ಸಮಯದ ಲೆಕ್ಕದಲ್ಲಿ 40 ಅನ್ನುವುದು ಎರಡರ ಸರಿ ಮಧ್ಯ. ನಿಧಾನವಾಗಿ ಓಡಾಡುವ ಕಥೆಯ ಗೇಮ್‌ಗಳಿಗೆ ಧಾರಾಳ ಸಾಕು.

ಮಿತಿಯನ್ನು ಎಷ್ಟಕ್ಕೆ ಇಡಬೇಕು ಅನ್ನುವುದಕ್ಕೆ ನನ್ನ ನಿಯಮ ಇಷ್ಟೇ: ಇಪ್ಪತ್ತು ನಿಮಿಷ ಆಡಿ ಬಿಸಿಯಾದ ಮೇಲೆ, ಆ ಗೇಮಿನ ಭಾರದ ಜಾಗದಲ್ಲಿ, ಮಧ್ಯಾಹ್ನದ ಬಿಸಿಯಲ್ಲೂ ಎಫ್‌ಪಿಎಸ್ ಆ ಮಿತಿಗಿಂತ ಕೆಳಗೆ ಬೀಳಬಾರದು, ಬಿದ್ದರೆ ಭಾಗಿಸಿ ಬರುವ ಮುಂದಿನ ಸಣ್ಣ ಅಂಕಿ. ಬೆಳಗ್ಗೆ ಅಳೆದು ಮಧ್ಯಾಹ್ನ ಆಡಿದರೆ ಮತ್ತೆ ಅದೇ ಕಥೆ.

ಯಾವ ಸೆಟ್ಟಿಂಗ್ ಯಾವ ಚಿಪ್ಪಿಗೆ

ಮಿತಿ ಹಾಕಿದ ಮೇಲೆ ಗ್ರಾಫಿಕ್ಸ್ ಇಳಿಸುವುದಕ್ಕೆ ನಿಜವಾದ ಅರ್ಥ ಬರುತ್ತದೆ. ಈಗ ಉಳಿದ ಸಮಯದಲ್ಲಿ ಜಿಪಿಯು ನಿಜವಾಗಿಯೂ ಸುಮ್ನೆ ಕೂರುತ್ತದೆ, ತಣ್ಣಗಾಗುತ್ತದೆ.

ಬಿಸಿ ಜಿಪಿಯುವಿನದಾದರೆ ಮೊದಲು ಕೈ ಹಾಕಬೇಕಾದದ್ದು ರೆಸಲ್ಯೂಶನ್ ಸ್ಕೇಲ್, ಅಥವಾ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್. ಆಮೇಲೆ ನೆರಳು, ಮಂಜು ಮತ್ತು ಬೆಳಕಿನ ಕಿರಣಗಳ ವಾಲ್ಯೂಮೆಟ್ರಿಕ್ ಸೆಟ್ಟಿಂಗ್, ಪ್ರತಿಫಲನ. ಸೈಬರ್‌ಪಂಕ್ 2077ರಂಥ ಗೇಮಿನಲ್ಲಿ ಈ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಸಾಮಾನ್ಯವಾಗಿ ಮೊದಲು ಸುಸ್ತಾಗುವುದು ಜಿಪಿಯು.

ಬಿಸಿ ಸಿಪಿಯುವಿನದಾದರೆ ಇವುಗಳಿಂದ ಹೆಚ್ಚೇನೂ ಸಿಗುವುದಿಲ್ಲ. ಎಫ್‌ಪಿಎಸ್ ಮಿತಿ, ಜನಸಂದಣಿ, ಎಷ್ಟು ದೂರದವರೆಗೆ ವಸ್ತುಗಳು ಕಾಣಬೇಕು ಅನ್ನುವ ಸೆಟ್ಟಿಂಗ್, ಈ ಮೂರೇ ಮುಖ್ಯ ಹಿಡಿಗಳು. ಸೈಬರ್‌ಪಂಕ್‌ನಲ್ಲಿ `Crowd Density` ಗ್ರಾಫಿಕ್ಸ್ ಪುಟದಲ್ಲಿ ಇಲ್ಲ, ಗೇಮ್‌ಪ್ಲೇ ಪುಟದಲ್ಲಿದೆ. ತುಂಬ ಜನರ ಕಣ್ಣು ತಪ್ಪುವುದು ಅಲ್ಲೇ.

ರೇ ಟ್ರೇಸಿಂಗ್ ಎರಡೂ ಕಡೆ ಹೊರೆ. ಬೆಳಕು ಲೆಕ್ಕ ಹಾಕುವುದು ಜಿಪಿಯುವಾದರೂ, ದೃಶ್ಯದಲ್ಲಿ ಏನೇನಿದೆ ಅನ್ನುವ ಪಟ್ಟಿಯನ್ನು ಪ್ರತಿ ಫ್ರೇಮಿಗೂ ಸಜ್ಜು ಮಾಡುವುದರಲ್ಲಿ ಸಿಪಿಯುವೂ ದುಡಿಯುತ್ತದೆ. ಬೇಸಿಗೆ ಮುಗಿಯುವವರೆಗೆ ಅದನ್ನು ಆಫ್ ಮಾಡಿಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಟೆಕ್ಸ್ಚರ್ ಗುಣಮಟ್ಟವನ್ನು ಮಾತ್ರ ಸುಮ್ಮಸುಮ್ಮನೆ ಇಳಿಸಬೇಡಿ. ಅದು ತಿನ್ನುವುದು ಮುಖ್ಯವಾಗಿ ವೀಡಿಯೊ ಮೆಮೊರಿಯನ್ನು. ಮೆಮೊರಿ ಸಾಲುವಷ್ಟಿದ್ದರೆ ಹೈನಲ್ಲೇ ಬಿಡಿ, ಬಿಸಿಗೆ ಅದರಿಂದ ವ್ಯತ್ಯಾಸ ಬಹಳ ಕಡಿಮೆ, ಗೋಡೆ ಮತ್ತು ಮುಖಗಳು ಮಾತ್ರ ಚೆನ್ನಾಗಿ ಕಾಣುತ್ತವೆ. ಇನ್ನೊಂದು ಚಿಕ್ಕ ವಿಷಯ: ಎನ್‌ವಿಡಿಯಾ ರಿಫ್ಲೆಕ್ಸ್ ಇರುವ ಗೇಮ್‌ಗಳಲ್ಲಿ `On + Boost` ಬೇಡ, ಬರೀ `On` ಸಾಕು. ಬೂಸ್ಟ್ ಆಯ್ಕೆ ಕೆಲಸ ಕಡಿಮೆ ಇದ್ದಾಗಲೂ ಜಿಪಿಯು ಕ್ಲಾಕ್ ಅನ್ನು ಮೇಲೆಯೇ ಹಿಡಿದಿಡುತ್ತದೆ.

ಮಿತಿ ಹಾಕಿದರೂ ಸಿಪಿಯು ಬಿಸಿಯಾಗುತ್ತಿದ್ದರೆ

ಆಗ ಟರ್ಬೊ ಬೂಸ್ಟ್ ಆಫ್ ಮಾಡಿ ನೋಡಿ. ಚಿಪ್ ತನ್ನ ತುತ್ತತುದಿಯ ವೇಗಕ್ಕೆ ಹೋಗಬೇಕಾದರೆ ವೋಲ್ಟೇಜ್ ಏರಿಸಿಕೊಳ್ಳಬೇಕು. ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ವಿದ್ಯುತ್ ಬಳಕೆ ಏರುತ್ತದೆ. ಹೀಗಾಗಿ ಕೊನೆಯ ಒಂದಿಷ್ಟು ವೇಗಕ್ಕೆ ಕೊಡುವ ಬೆಲೆ ತುಂಬ ಜಾಸ್ತಿ. ವಿಂಡೋಸ್‌ನಲ್ಲಿ ಈ ಆಯ್ಕೆ ಬಚ್ಚಿಟ್ಟಿರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹಾಕಿ:

```
powercfg -attributes SUB_PROCESSOR PERFBOOSTMODE -ATTRIB_HIDE
```

ಈಗ ಪವರ್ ಆಪ್ಶನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗಳಲ್ಲಿ ಪ್ರೊಸೆಸರ್ ಭಾಗದ ಒಳಗೆ `Processor performance boost mode` ಕಾಣುತ್ತದೆ. ಅಲ್ಲಿ ಈಗ ಏನಿದೆ ಅಂತ ಬರೆದಿಟ್ಟುಕೊಂಡು, `Disabled` ಮಾಡಿ. ಸಿಪಿಯು ಉಷ್ಣತೆ ಸಾಮಾನ್ಯವಾಗಿ ಚೆನ್ನಾಗಿ ಇಳಿಯುತ್ತದೆ. ಆದರೆ ಸಿಪಿಯು ತನ್ನ ಬೇಸ್ ವೇಗದಲ್ಲೇ ಉಳಿಯುತ್ತದೆ. 60 ಅಥವಾ 48ಕ್ಕೆ ಮಿತಿ ಹಾಕಿದ ಹೆಚ್ಚಿನ ಗೇಮ್‌ಗಳಿಗೆ ಅಷ್ಟು ಸಾಕಾಗುತ್ತದೆ. ಸಾಲದಿದ್ದರೆ ಜನಸಂದಣಿಯ ಜಾಗದಲ್ಲಿ ಎಫ್‌ಪಿಎಸ್ ಮಿತಿಗಿಂತ ಕೆಳಗೆ ಬಿದ್ದು ಅಲ್ಲೇ ನಿಲ್ಲುತ್ತದೆ. ಉಯ್ಯಾಲೆ ಇರುವುದಿಲ್ಲ, ಹಾಗಾಗಿ ಇದು ಥ್ರಾಟಲಿಂಗ್ ಅಲ್ಲ ಅಂತ ಗುರುತು ಹಿಡಿಯಬಹುದು. ಆಗ ಮಿತಿಯನ್ನು ಒಂದು ಮೆಟ್ಟಿಲು ಇಳಿಸಿ, ಇಲ್ಲವೇ ಬೂಸ್ಟ್ ವಾಪಸ್ ಹಾಕಿ.

ಬೇಸಿಗೆಗೆ ಯಾವ ಗೇಮ್

ಹಳೆಯ ಗೇಮ್ ಅಂದರೆ ತಂಪು, ಹೊಸದು ಅಂದರೆ ಬಿಸಿ ಅಂತ ಲೆಕ್ಕ ಹಾಕಬೇಡಿ. ಮಿತಿ ಇಲ್ಲದೆ ಬಿಟ್ಟ ಹಳೆಯ ಗೇಮ್ ಬರೀ ಮೆನು ಪರದೆಯಲ್ಲೇ ನೂರಾರು ಫ್ರೇಮ್ ಬಿಡಿಸುತ್ತಾ ಫ್ಯಾನ್ ಕೂಗಿಸಬಹುದು. ಕೇಳಬೇಕಾದ ಪ್ರಶ್ನೆ: ಎಫ್‌ಪಿಎಸ್ ಇಳಿಸಿದರೆ ಈ ಗೇಮ್ ತಣ್ಣಗಾಗುತ್ತದೆಯೇ, ಇಳಿಸಿದ ಮೇಲೂ ಆಡಲು ಚೆನ್ನಾಗಿರುತ್ತದೆಯೇ?

ಒಬ್ಬರೇ ಕೂತು ಆಡುವ ಕಥೆಯ ಗೇಮ್‌ಗಳು ಈ ಎರಡಕ್ಕೂ ಹೌದು ಅನ್ನುತ್ತವೆ. ನೋಡಲು ಭಾರಿಯಾಗಿದ್ದರೂ 48 ಅಥವಾ 40ಕ್ಕೆ ಕಟ್ಟಿಹಾಕಿದರೆ ಮಾತು ಕೇಳುತ್ತವೆ. ಎಲ್ಡನ್ ರಿಂಗ್ ತಾನಾಗಿಯೇ 60ಕ್ಕೆ ಮಿತಿ ಹಾಕಿಕೊಂಡಿದೆ, ಒಂದು ಕೆಲಸ ಕಡಿಮೆ. ಸ್ಟಾರ್‌ಡ್ಯೂ ವ್ಯಾಲಿ, ಹೇಡೀಸ್‌ನಂಥವಕ್ಕೆ 60ರ ಮಿತಿ ಹಾಕಿದರೆ ಸಾಕು, ಬೇರೇನೂ ಬೇಡ.

ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ಥರದ ಸ್ಪರ್ಧೆಯ ಶೂಟಿಂಗ್ ಗೇಮ್‌ಗಳದು ಬೇರೆ ಕಥೆ. ಗ್ರಾಫಿಕ್ಸ್ ಹಗುರ, ಹಾಗಾಗಿ ಎಫ್‌ಪಿಎಸ್ ಬಾನಿಗೇರುತ್ತದೆ, ಅದನ್ನು ಒದಗಿಸಲು ಸಿಪಿಯು ಏದುಸಿರು ಬಿಡುತ್ತದೆ. ಎಫ್‌ಪಿಎಸ್ ಇಳಿಸಿದರೆ ತಣ್ಣಗಾಗುವುದು ಹೌದು, ಆಡುವವರು ಒಪ್ಪುವುದಿಲ್ಲ ಅಷ್ಟೇ. ನನ್ನ ಸಲಹೆ ಕೇಳಿದರೆ, ಪರದೆಯ ವೇಗಕ್ಕಿಂತ ಮೇಲೆ ಹೋಗಲು ಬಿಡಬೇಡಿ. ಪಂದ್ಯದ ನಡುವೆ 200ರಿಂದ 90ಕ್ಕೆ ಕುಸಿಯುವುದಕ್ಕಿಂತ ಕೊನೆಯವರೆಗೂ 120 ಇರುವುದು ಗುರಿ ಇಡುವ ಕೈಗೆ ಒಳ್ಳೆಯದು. ಅಂಥ ಪಂದ್ಯಗಳನ್ನು ರಾತ್ರಿ ತಂಪಾದ ಮೇಲೆ ಇಟ್ಟುಕೊಂಡರೆ ಇನ್ನೂ ಉತ್ತಮ.

ಮಿತಿಗೂ ಬಗ್ಗದವು ನಗರ ಕಟ್ಟುವ ಸಿಮ್ಯುಲೇಶನ್‌ಗಳು. ಸಿಟೀಸ್: ಸ್ಕೈಲೈನ್ಸ್‌ನಲ್ಲಿ ಊರು ದೊಡ್ಡದಾದಂತೆ ಜನ, ವಾಹನಗಳ ಲೆಕ್ಕವೇ ಸಿಪಿಯುವನ್ನು ಕಾಯಿಸುತ್ತದೆ. ಆ ಲೆಕ್ಕ ಫ್ರೇಮಿಗೆ ಅಂಟಿಕೊಂಡಿಲ್ಲ, ಎಫ್‌ಪಿಎಸ್ ಇಳಿಸಿದರೂ ಅದು ನಡೆಯುತ್ತಲೇ ಇರುತ್ತದೆ. ಅಲ್ಲಿ ಇಳಿಸಬೇಕಾದದ್ದು ಆಟದ ವೇಗ. ಮೂರನೇ ವೇಗದಲ್ಲಿ ಓಡಿಸುತ್ತಿದ್ದರೆ ಮೊದಲನೆಯದಕ್ಕೆ ತನ್ನಿ. ಸಣ್ಣ ಊರು ಹೊಸದಾಗಿ ಶುರು ಮಾಡುವುದಕ್ಕೆ ಬೇಸಿಗೆ ಒಳ್ಳೆಯ ಕಾಲ, ಹಳೆಯ ಮಹಾನಗರದ ಸೇವ್ ಫೈಲ್ ಮಳೆಗಾಲಕ್ಕಿರಲಿ. ಸಿವಿಲೈಸೇಶನ್ 6ರಂಥ ಸರದಿಯ ಆಟಗಳಲ್ಲಿ ಎದುರಾಳಿಗಳ ಸರದಿ ಬಂದಾಗ ಮಾತ್ರ ಸಿಪಿಯು ಜಿಗಿಯುತ್ತದೆ. ಆಗ ಥ್ರಾಟಲ್ ಆದರೂ ನೀವು ಕಾಯುವುದು ಸ್ವಲ್ಪ ಜಾಸ್ತಿಯಾಗಬಹುದು, ಆಟ ಕೆಡುವುದಿಲ್ಲ.

ಸೆಟ್ಟಿಂಗ್‌ಗೆ ಬಗ್ಗದ ದೋಷ

ಇಷ್ಟೆಲ್ಲ ಮಾಡಿದರೂ ಸರಿಹೋಗದಿದ್ದರೆ, ದಿನದ ಅತಿ ತಂಪಾದ ಹೊತ್ತಿನಲ್ಲಿ ಅದೇ ಗೇಮ್, ಅದೇ ಜಾಗ, ಅದೇ ಮಿತಿ ಇಟ್ಟು ಮತ್ತೆ ಅಳೆಯಿರಿ. ಕೋಣೆ ಹತ್ತು ಡಿಗ್ರಿ ತಂಪಾಗಿದ್ದಾಗ ಚಿಪ್ಪೂ ಹೆಚ್ಚು ಕಡಿಮೆ ಅಷ್ಟೇ ಇಳಿದರೆ ಅದು ಹವೆಯ ಆಟ. ತಂಪಿನಲ್ಲೂ ಥ್ರಾಟಲ್ ಆಗುತ್ತಿದ್ದರೆ ಹವೆಯನ್ನು ಬೈದು ಪ್ರಯೋಜನವಿಲ್ಲ.

ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತಿ ಇಟ್ಟು ನೋಡಿ. ಹೆಚ್ಚಿನವು ಗಾಳಿ ಎಳೆದುಕೊಳ್ಳುವುದು ಅಡಿಯಿಂದ. ಎತ್ತಿದ ಕೂಡಲೇ ಐದಾರು ಡಿಗ್ರಿ ಇಳಿದರೆ ಗಾಳಿಗೆ ದಾರಿ ಸಾಲುತ್ತಿರಲಿಲ್ಲ. ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದೂ ಹೊರಬರುವ ಗಾಳಿ ತೆಳ್ಳಗಿದ್ದರೆ ಹೀಟ್‌ಸಿಂಕ್‌ನ ಎಲೆಗಳಲ್ಲಿ ಧೂಳು ಕಟ್ಟಿದೆ. ಗೇಮ್ ತೆರೆದ ಕೆಲವೇ ಸೆಕೆಂಡಿನಲ್ಲಿ ಸಿಪಿಯು 50ರಿಂದ 95ಕ್ಕೆ ಹಾರಿ, ಗೇಮ್ ಮುಚ್ಚಿದ ತಕ್ಷಣ ಅಷ್ಟೇ ಬೇಗ ಬಿದ್ದರೆ, ಹೊರಬರುವ ಗಾಳಿಯೂ ಅಷ್ಟೇನೂ ಬಿಸಿ ಇಲ್ಲದಿದ್ದರೆ, ಶಾಖ ಚಿಪ್ಪಿನಿಂದ ಹೀಟ್‌ಸಿಂಕ್‌ಗೆ ದಾಟುತ್ತಿಲ್ಲ. ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ವಾರಂಟಿ ಇದ್ದರೆ ಈ ಅಂಕಿಗಳ ಸ್ಕ್ರೀನ್‌ಶಾಟ್ ತೆಗೆದುಕೊಂಡೇ ಸರ್ವಿಸ್ ಸೆಂಟರ್‌ಗೆ ಹೋಗಿ. "ಬಿಸಿಯಾಗುತ್ತದೆ" ಅಂದರೆ ಬೇಸಿಗೆ ಅಲ್ವಾ ಅಂತ ಕಳಿಸುತ್ತಾರೆ. ತಂಪು ಕೋಣೆಯಲ್ಲೂ ಸೆಕೆಂಡುಗಳಲ್ಲೇ 95 ಮುಟ್ಟುವ ಚಿತ್ರ ಕೈಯಲ್ಲಿದ್ದರೆ ಹಾಗೆ ಕಳಿಸುವುದು ಕಷ್ಟ.